ಬ್ಲಡ್ ಕಲ್ಚರ್ ರಿಪೋರ್ಟ್: ನಮ್ಮ ಲ್ಯಾಬ್ ಕಿಟಕಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಒಂದು ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ನನ್ನ ಕೆಲಸ. ರಿಪೋರ್ಟ್ ಕೊಡುವ ಕಿಟಕಿಯ ಮುಂದೆ ದಿನಾ ಒಬ್ಬರಾದರೂ ಕಾಗದ ಹಿಡಿದುಕೊಂಡು ನಿಂತಿರುತ್ತಾರೆ. "ಮೇಡಂ, ಇದರಲ್ಲಿ ಏನು ಬರೆದಿದೆ?" ನೆಂಟರು ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ ಫೋಟೋ ಕಳಿಸಿ ಅದನ್ನೇ ಕೇಳುತ್ತಾರೆ. ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಹಾಕಿದ್ದೇನೆ. ಉದಾಹರಣೆಗಳಲ್ಲಿ ಟೈಫಾಯ್ಡ್ ಜಾಸ್ತಿ ಬರುತ್ತದೆ. ಜನ ಕೇಳುವುದೂ ಅದನ್ನೇ ಜಾಸ್ತಿ.

## ರಿಪೋರ್ಟ್ ಬರುವ ಮುಂಚೆ

ಸಿಬಿಸಿ ಎರಡು ಗಂಟೇಲಿ ಬಂತು. ಇದು ಮಾತ್ರ ಯಾಕೆ ಇಷ್ಟು ದಿನ?

ಸಿಬಿಸಿಯಲ್ಲಿ ಯಂತ್ರ ರಕ್ತದಲ್ಲಿ ಆಗಲೇ ಇರುವ ಕಣಗಳನ್ನು ಎಣಿಸುತ್ತದೆ, ಅಷ್ಟೇ. ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆದು ಲಕ್ಷಾಂತರ ಆಗುವ ತನಕ ಕಾಯಬೇಕು. ದೋಸೆ ಹಿಟ್ಟು ರುಬ್ಬಿಟ್ಟ ಹಾಗೆ ಅಂದುಕೊಳ್ಳಿ. ಹಿಟ್ಟು ಉಬ್ಬುವುದು ಒಳಗಿನ ಸೂಕ್ಷ್ಮಜೀವಿಗಳು ಬಿಡುವ ಕಾರ್ಬನ್ ಡೈಆಕ್ಸೈಡ್‌ನಿಂದ. ನಮ್ಮ ಯಂತ್ರ ಹುಡುಕುವುದೂ ಅದೇ ಗಾಳಿಯನ್ನು.

ಬಾಟಲಿಯಲ್ಲಿ ಬ್ಯಾಕ್ಟೀರಿಯಾಗೆ ಊಟವಾಗುವ ಸಾರು ಇರುತ್ತದೆ. ರಕ್ತ ಬೆರೆತ ಆ ಬಾಟಲಿಯನ್ನು ಯಂತ್ರ ಸುಮಾರು ಮೈಬಿಸಿಯಲ್ಲೇ ಇಟ್ಟು, ಮೆಲ್ಲಗೆ ಅಲುಗಾಡಿಸುತ್ತಿರುತ್ತದೆ. ತಳದಲ್ಲಿ ಒಂದು ಸಣ್ಣ ಬಿಲ್ಲೆ ಇದೆ. ಕಾರ್ಬನ್ ಡೈಆಕ್ಸೈಡ್ ಹೆಚ್ಚಾದರೆ ಅದು ಹಳದಿಗೆ ತಿರುಗುತ್ತದೆ. ಯಂತ್ರ ಹತ್ತು ನಿಮಿಷಕ್ಕೊಮ್ಮೆ ಅದನ್ನು ನೋಡಿ, ಬಣ್ಣ ಬದಲಾದ ಕೂಡಲೇ ಕೂಗುತ್ತದೆ. ಹೆಚ್ಚಿನ ನಿಜವಾದ ಸೋಂಕುಗಳು ಮೊದಲ 48 ಗಂಟೆಯೊಳಗೆ ಕೂಗಿಸಿಬಿಡುತ್ತವೆ. ಕೂಗಲೇ ಇಲ್ಲ ಅಂದರೆ 5 ದಿನ ಬಿಟ್ಟು ಮುಗಿಸುತ್ತೇವೆ. ಹಾಗಾಗಿ ಇಲ್ಲಿ ಕೆಟ್ಟ ಸುದ್ದಿ ಬೇಗ ಬರುತ್ತದೆ, ಒಳ್ಳೆ ಸುದ್ದಿ ನಿಧಾನ.

ಎರಡೂ ಕೈಯಿಂದ ಅಷ್ಟೊಂದು ರಕ್ತ ತೆಗೆದ್ರಲ್ಲ, ಅಷ್ಟು ಬೇಕಾ? ಮೊದಲೇ ಸುಸ್ತಾಗಿದ್ದಾರೆ.

ಬೇಕು. ದೊಡ್ಡವರಿಗೆ ಒಂದು ಬಾಟಲಿಗೆ 8ರಿಂದ 10 ಎಂಎಲ್, ಒಂದು ಕೈಯಿಂದ ಎರಡು ಬಾಟಲಿ, ಎರಡು ಕೈಗೆ ನಾಲ್ಕು ಬಾಟಲಿ. ಒಟ್ಟು 40 ಎಂಎಲ್ ಹತ್ತಿರ ಆಗುತ್ತದೆ. ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇದೆ, ಇದರಿಂದ ಸುಸ್ತು ಹೆಚ್ಚಾಗುವುದಿಲ್ಲ. ಮಕ್ಕಳಿಗೆ ಬೇರೆ ಬಾಟಲಿ, ಕೆಲವೇ ಎಂಎಲ್ ಸಾಕು.

ಇಷ್ಟು ತೆಗೆಯುವುದಕ್ಕೆ ಕಾರಣ ಇದೆ. ಟೈಫಾಯ್ಡ್ ಜ್ವರದಲ್ಲಿ 1 ಎಂಎಲ್ ರಕ್ತ ತೆಗೆದರೆ ಅದರಲ್ಲಿ ಒಂದೇ ಒಂದು ಬ್ಯಾಕ್ಟೀರಿಯಾ ಸಿಗುವುದೂ ಕಷ್ಟ. ಬಾಟಲಿಗೆ 3 ಎಂಎಲ್ ಹಾಕಿ ಕಳಿಸಿದರೆ, ಕೆರೆಯಲ್ಲಿ ನಾಲ್ಕೇ ಮೀನಿದ್ದಾಗ ಚೊಂಬು ಅದ್ದಿ ನೋಡಿದ ಹಾಗೆ. ಎರಡು ಕೈಯಿಂದ ಯಾಕೆ ಅನ್ನುವುದು ಗ್ರೋತ್ ಬಂದಾಗ ಗೊತ್ತಾಗುತ್ತದೆ. ಕೆಳಗೆ ಹೇಳಿದ್ದೇನೆ.

## 'ನೋ ಗ್ರೋತ್' ಅಂದಾಗ

'ನೋ ಗ್ರೋತ್' ಅಂತ ಬಂದಿದೆ. ಇನ್‌ಫೆಕ್ಷನ್ ಇಲ್ಲ ಅಂತ ತಿಳ್ಕೊಬಹುದಲ್ವಾ?

ಮೊದಲು ಆ ಸಾಲನ್ನು ಪೂರ್ತಿ ಓದಿ. '24 ಗಂಟೆಯ ನಂತರ ನೋ ಗ್ರೋತ್' ಅಂತಿದ್ದರೆ ಅದು ನಡುವಿನ ಸುದ್ದಿ. ಬಾಟಲಿ ಇನ್ನೂ ಯಂತ್ರದಲ್ಲೇ ಇದೆ, ನಾಳೆ ಕೂಗಬಹುದು. '5 ದಿನದ ನಂತರ' ಅಂತಿದ್ದರೆ ಅದು ಕೊನೆಯ ರಿಪೋರ್ಟ್. ಒಂದೇ ರೋಗಿಗೆ ಮೂರು ಕಾಗದ ಬರುವುದು ಇದಕ್ಕೇ. ಮೊದಲನೆಯದನ್ನೇ ಫೈಲಿಗೆ ಹಾಕಿಕೊಂಡು ಊರಿಗೆ ಹೊರಟವರನ್ನು ಫೋನ್ ಮಾಡಿ ವಾಪಸ್ ಕರೆಸಿದ್ದೂ ಇದೆ.

ಕೊನೆಯ ರಿಪೋರ್ಟಿನಲ್ಲೂ 'ನೋ ಗ್ರೋತ್' ಅಂದರೆ ಹೇಳುವುದು ಇಷ್ಟೇ: ಆ ಹೊತ್ತಿಗೆ ತೆಗೆದ ಅಷ್ಟು ರಕ್ತದಲ್ಲಿ, ಈ ಸಾರಿನಲ್ಲಿ ಬೆಳೆಯುವಂಥದ್ದು ಏನೂ ಬೆಳೆಯಲಿಲ್ಲ. ಡೆಂಗ್ಯೂ ವೈರಸ್ ಈ ಬಾಟಲಿಯಲ್ಲಿ ಬೆಳೆಯುವುದಿಲ್ಲ. ಮಲೇರಿಯಾ, ಇಲಿ ಜ್ವರ, ಸ್ಕ್ರಬ್ ಟೈಫಸ್ ಕೂಡ ಇಲ್ಲಿ ಕಾಣುವುದಿಲ್ಲ. ಅವುಗಳಿಗೆ ಬೇರೆ ಪರೀಕ್ಷೆ ಇದೆ. ಸೋಂಕು ಶ್ವಾಸಕೋಶದಲ್ಲೋ ಮೂತ್ರದಲ್ಲೋ ಇದ್ದು ರಕ್ತಕ್ಕೆ ಇಳಿಯದೇ ಇರಬಹುದು. ನ್ಯುಮೋನಿಯಾ ಆದ ಹೆಚ್ಚಿನವರಿಗೆ ಬ್ಲಡ್ ಕಲ್ಚರ್ ಖಾಲಿಯೇ ಬರುತ್ತದೆ.

ಇನ್ನೊಂದು ನಮ್ಮ ಕಡೆ ತುಂಬಾ ನಡೆಯುವ ವಿಷಯ. ಜ್ವರ ಬಂದ ಮೂರನೇ ದಿನ ಮೆಡಿಕಲ್ ಸ್ಟೋರಿನಿಂದ ಆಂಟಿಬಯಾಟಿಕ್ ತಂದು ನುಂಗಿ, ಆರನೇ ದಿನ ಆಸ್ಪತ್ರೆಗೆ ಬರುತ್ತಾರೆ. ಔಷಧಿ ರೋಗ ವಾಸಿ ಮಾಡುವಷ್ಟು ಕೆಲಸ ಮಾಡಿರುವುದಿಲ್ಲ, ಆದರೆ ಬಾಟಲಿಯಲ್ಲಿ ಬೆಳೆಯದ ಹಾಗೆ ಮಾಡಲು ಅಷ್ಟೇ ಸಾಕು. ಎರಡು ಮಾತ್ರೆ ತಗೊಂಡಿದ್ದರೂ ರಕ್ತ ತೆಗೆಯುವವರಿಗೆ ಹೇಳಿ. ಯಾರೂ ಬೈಯುವುದಿಲ್ಲ.

ವಿಡಾಲ್ ಪಾಸಿಟಿವ್, ಕಲ್ಚರ್ ನೋ ಗ್ರೋತ್. ಯಾವುದನ್ನ ನಂಬೋದು?

ಕಲ್ಚರ್‌ನಲ್ಲಿ ಸಾಲ್ಮೊನೆಲ್ಲಾ ಟೈಫಿ ಬೆಳೆದರೆ ಅದು ಟೈಫಾಯ್ಡ್, ಮುಗೀತು. ಬೆಳೆಯದಿದ್ದರೆ ಟೈಫಾಯ್ಡ್ ಅಲ್ಲ ಅನ್ನುವ ಹಾಗಿಲ್ಲ. ನಿಜವಾಗಿ ಟೈಫಾಯ್ಡ್ ಇರುವ ಹತ್ತು ಜನರಲ್ಲಿ ಸುಮಾರು ಆರು ಜನರ ರಕ್ತದಲ್ಲಿ ಮಾತ್ರ ಅದು ಸಿಗುತ್ತದೆ. ಮೊದಲ ವಾರದಲ್ಲಿ ಸಿಗುವ ಸಾಧ್ಯತೆ ಜಾಸ್ತಿ.

ವಿಡಾಲ್ ನೋಡುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ಮೈಯಲ್ಲಿ ಹುಟ್ಟಿದ ಪ್ರತಿಕಾಯಗಳನ್ನು. ಹಿಂದೆ ಯಾವಾಗಲೋ ಬಂದ ಟೈಫಾಯ್ಡ್, ಕೆಲವು ಲಸಿಕೆಗಳು, ಬೇರೆ ಜ್ವರಗಳೂ ಅದನ್ನು ಪಾಸಿಟಿವ್ ಮಾಡಬಲ್ಲವು. ಒಂದೇ ಸಲ ಮಾಡಿದ ವಿಡಾಲ್ ಮೇಲೆ ನನಗಂತೂ ಹೆಚ್ಚು ನಂಬಿಕೆ ಇಲ್ಲ. ಎರಡೂ ಹೊಂದದೇ ಇದ್ದಾಗ ಡಾಕ್ಟರ್ ಜ್ವರದ ರೀತಿ, ಹೊಟ್ಟೆ, ಉಳಿದ ರಕ್ತ ಪರೀಕ್ಷೆ ನೋಡಿ ತೀರ್ಮಾನ ಮಾಡುತ್ತಾರೆ.

## ಏನೋ ಬೆಳೆದಿದೆ ಅಂದಾಗ

ಲ್ಯಾಬಿಂದ ವಾರ್ಡಿಗೆ ಫೋನ್ ಬಂತು, 'ಗ್ರಾಮ್ ನೆಗೆಟಿವ್' ಅಂತೆ. ನೆಗೆಟಿವ್ ಬಂದ್ರೆ ಒಳ್ಳೇದೇ ಅಲ್ವಾ?

ಈ ಪ್ರಶ್ನೆಗೆ ಉತ್ತರ ಹೇಳುವಾಗ ನನಗೆ ಪ್ರತಿ ಸಲ ಸಂಕಟ ಆಗುತ್ತದೆ. ಕೇಳುವವರ ಮುಖದಲ್ಲಿ ಆಗಲೇ ಸಮಾಧಾನ ಬಂದಿರುತ್ತದೆ.

ಇಲ್ಲಿನ 'ನೆಗೆಟಿವ್' ಅಂದರೆ 'ಇಲ್ಲ' ಅಂತ ಅಲ್ಲ. ಗ್ರಾಮ್ ಅನ್ನುವುದು ಒಂದು ಬಣ್ಣ ಹಾಕುವ ವಿಧಾನ. ಬಾಟಲಿ ಕೂಗಿದ ಮೇಲೆ ಒಂದು ಹನಿಯನ್ನು ಗಾಜಿನ ಸ್ಲೈಡಿಗೆ ಹಚ್ಚಿ ಬಣ್ಣ ಹಾಕುತ್ತೇವೆ. ಕೆಲವು ಬ್ಯಾಕ್ಟೀರಿಯಾ ನೇರಳೆಯಾಗಿ ಕಾಣುತ್ತವೆ, ಅವು ಗ್ರಾಮ್ ಪಾಸಿಟಿವ್. ಕೆಲವು ಗುಲಾಬಿಯಾಗಿ ಕಾಣುತ್ತವೆ, ಅವು ಗ್ರಾಮ್ ನೆಗೆಟಿವ್. ಎರಡರಲ್ಲೂ ಬ್ಯಾಕ್ಟೀರಿಯಾ ಇದೆ. 'ಬ್ಯಾಸಿಲೈ' ಅಂದರೆ ಕಡ್ಡಿಯ ಆಕಾರ, 'ಕಾಕೈ' ಅಂದರೆ ಗುಂಡಗಿನದು.

ಹೆಸರು ಇನ್ನೂ ಗೊತ್ತಿಲ್ಲದಿದ್ದರೂ ಈ ಒಂದು ಸಾಲಿಗಾಗಿ ನಾವು ಮಧ್ಯರಾತ್ರಿಯಾದರೂ ಫೋನ್ ಮಾಡುತ್ತೇವೆ, ಡಾಕ್ಟರ್ ಇದರ ಮೇಲೆಯೇ ಔಷಧಿ ಬದಲಿಸುತ್ತಾರೆ. ಗುಲಾಬಿ ಕಡ್ಡಿ ಅಂದರೆ ಇ. ಕೋಲೈ, ಕ್ಲೆಬ್ಸಿಯೆಲ್ಲಾ, ಟೈಫಾಯ್ಡಿನ ಸಾಲ್ಮೊನೆಲ್ಲಾ ಇಂಥವು. ಇವು ರಕ್ತದಲ್ಲಿ ಸುಮ್ನೆ ಸಿಗುವುದಿಲ್ಲ. ಆ ಹನಿಯನ್ನೇ ಅಗಾರ್ ತಟ್ಟೆಗೂ ಹಚ್ಚಿರುತ್ತೇವೆ. ಸಾಮಾನ್ಯವಾಗಿ ಮರುದಿನ ತಟ್ಟೆಯಲ್ಲಿ ಚುಕ್ಕೆ ಚುಕ್ಕೆಯಾಗಿ ಬೆಳೆದಿರುತ್ತದೆ. ಅದರಿಂದ ಹೆಸರು, ಅದಕ್ಕೂ ಮುಂದಿನ ದಿನ ಸೆನ್ಸಿಟಿವಿಟಿ, ಅಂದರೆ ಯಾವ ಔಷಧಿ ಅದನ್ನು ತಡೆಯುತ್ತದೆ ಅನ್ನುವ ಪಟ್ಟಿ.

ಅತ್ತೆಗೆ 'ಕೋಯಾಗ್ಯುಲೇಸ್ ನೆಗೆಟಿವ್ ಸ್ಟಫೈಲೋಕಾಕಸ್' ಬೆಳೆದಿದೆ. ಡಾಕ್ಟರ್ ಔಷಧೀನೇ ಕೊಡ್ಲಿಲ್ಲ, 'ಕಂಟಾಮಿನೆಂಟ್ ಇರಬಹುದು' ಅಂದ್ರು. ಗ್ರೋತ್ ಇದ್ರೂ ಸುಮ್ನೆ ಬಿಡೋದಾ?

ಬಿಡಬಹುದು, ಹೆಚ್ಚಿನ ಸಲ ಅದೇ ಸರಿ. ಈ ಬ್ಯಾಕ್ಟೀರಿಯಾ ನಮ್ಮೆಲ್ಲರ ಚರ್ಮದ ಮೇಲೆ ವಾಸ ಮಾಡುತ್ತದೆ. ಸೂಜಿ ಚುಚ್ಚುವಾಗ ಚರ್ಮದಿಂದ ನಾಲ್ಕಾರು ಒಳಗೆ ಹೋದರೂ ಸಾಕು, ಬಾಟಲಿಯ ಸಾರಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ರಿಪೋರ್ಟಿನಲ್ಲಿ ಗ್ರೋತ್ ಇರುತ್ತದೆ, ರೋಗಿಯ ರಕ್ತದಲ್ಲಿ ಏನೂ ಇರುವುದಿಲ್ಲ.

ಎರಡು ಕೈಯಿಂದ ತೆಗೆಯುವುದು ಇದನ್ನು ಹಿಡಿಯಲಿಕ್ಕೆ. ನಾಲ್ಕು ಬಾಟಲಿಯಲ್ಲಿ ಒಂದೇ ಒಂದು ಕೂಗಿದೆ, ಅದೂ ಒಂದೂವರೆ ದಿನ ಕಳೆದ ಮೇಲೆ, ಇನ್ನೊಂದು ಕೈಯ ಎರಡೂ ಬಾಟಲಿ ಖಾಲಿ: ಇದು ಬಹುಮಟ್ಟಿಗೆ ಚರ್ಮದ್ದೇ. ಎರಡೂ ಕೈಯ ಬಾಟಲಿಗಳಲ್ಲಿ ಅದೇ ಬ್ಯಾಕ್ಟೀರಿಯಾ ಬೇಗ ಬೆಳೆದರೆ ಲೆಕ್ಕ ಬೇರೆ. ಕುತ್ತಿಗೆಯಲ್ಲಿ ಡಯಾಲಿಸಿಸ್ ನಳಿಕೆ ಇರುವವರು, ಹೃದಯಕ್ಕೆ ಕೃತಕ ವಾಲ್ವ್ ಅಥವಾ ಪೇಸ್‌ಮೇಕರ್ ಹಾಕಿಸಿಕೊಂಡವರಲ್ಲಿ ಇದೇ ಬ್ಯಾಕ್ಟೀರಿಯಾ ನಿಜವಾದ ಸೋಂಕು ಮಾಡುತ್ತದೆ. ಅತ್ತೆಗೆ ಇವು ಯಾವುದಾದರೂ ಇದ್ದರೆ ಡಾಕ್ಟರಿಗೆ ನೆನಪಿಸಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಇಂಥ ತಪ್ಪು ಮಾಡಿದ್ದೆ. ಸ್ಪಿರಿಟ್ ಹಚ್ಚಿ ಒಣಗಿಸಿದ ಮೇಲೆ ರಕ್ತನಾಳ ಎಲ್ಲಿದೆ ಅಂತ ಇನ್ನೊಮ್ಮೆ ಬೆರಳಿನಿಂದ ಒತ್ತಿ ನೋಡಿದೆ. ಆ ಬೆರಳಿನದೇ ಬಾಟಲಿಗೆ ಹೋಯಿತು. ಆ ರೋಗಿಗೆ ಎರಡು ದಿನ ಸುಮ್ನೆ ವ್ಯಾಂಕೊಮೈಸಿನ್ ಅನ್ನುವ ಆಂಟಿಬಯಾಟಿಕ್ ಹೋಯಿತು. ನಿಮ್ಮವರಿಗೆ ರಕ್ತ ತೆಗೆಯುವಾಗ ಸಿಸ್ಟರ್ ಅರ್ಧ ನಿಮಿಷ ಒಣಗಲು ಬಿಟ್ಟರೆ "ಬೇಗ ಮಾಡಿ" ಅಂತ ಅವಸರ ಮಾಡಬೇಡಿ.

ಒಂದು ಮಾತು: ಇದೇ ಮನೆತನದ 'ಸ್ಟಫೈಲೋಕಾಕಸ್ ಆರಿಯಸ್' ಹೆಸರು ಬಂದರೆ ಮಾತ್ರ ಒಂದೇ ಬಾಟಲಿಯಾದರೂ ಬಿಡುವ ಹಾಗಿಲ್ಲ. ಕ್ಯಾಂಡಿಡಾ ಅನ್ನುವ ಶಿಲೀಂಧ್ರವೂ ಹಾಗೆಯೇ.

## ಸೆನ್ಸಿಟಿವಿಟಿ ಸಾಲುಗಳು

ಔಷಧಿಗಳ ಮುಂದೆ ನಂಬರ್ ಇದೆ. ಸಣ್ಣ ನಂಬರ್ ಇರೋದೇ ಒಳ್ಳೆ ಔಷಧಿ ತಾನೇ?

ಅಲ್ಲ. ನಂಬರಿನ ಮುಂದೆ ಒಂದು ಅಕ್ಷರ ಇರುತ್ತದೆ: ಎಸ್ ಅಂದರೆ ಔಷಧಿ ಕೆಲಸ ಮಾಡುವ ನಿರೀಕ್ಷೆ ಇದೆ, ಆರ್ ಅಂದರೆ ಇಲ್ಲ, ಐ ಬಗ್ಗೆ ಮುಂದಿನ ಪ್ರಶ್ನೆಯಲ್ಲಿ ಹೇಳುತ್ತೇನೆ. ಇದನ್ನು ಒಂದು ರಿಪೋರ್ಟ್ ಹಿಡಿದೇ ಹೇಳುತ್ತೇನೆ.

ಮಾರತ್ತಹಳ್ಳಿಯ ಪಿಜಿಯಲ್ಲಿದ್ದ ಹುಡುಗ, ಆರು ದಿನದ ಜ್ವರ, ಆಂಟಿಬಯಾಟಿಕ್ ತಗೊಂಡಿರಲಿಲ್ಲ. ಎರಡು ಕೈಯಿಂದ ನಾಲ್ಕು ಬಾಟಲಿ. ಮರುದಿನ ಬೆಳಿಗ್ಗೆ, ಹತ್ತೊಂಬತ್ತನೇ ಗಂಟೆಗೆ, ಮೊದಲ ಬಾಟಲಿ ಕೂಗಿತು. ಸ್ಲೈಡಿನಲ್ಲಿ ಗುಲಾಬಿ ಕಡ್ಡಿಗಳು. ಅದರ ಮರುದಿನ ಹೆಸರು ಸಿಕ್ಕಿತು, ಸಾಲ್ಮೊನೆಲ್ಲಾ ಟೈಫಿ. ಇನ್ನೊಂದು ದಿನಕ್ಕೆ ಸೆನ್ಸಿಟಿವಿಟಿ. ತುಮಕೂರಿನಿಂದ ಬಂದಿದ್ದ ಅವನ ಅಪ್ಪ ಕಾಗದದಲ್ಲಿ ಎರಡು ಸಾಲಿಗೆ ಪೆನ್ನಿನಿಂದ ಗೆರೆ ಹಾಕಿಕೊಂಡು ಬಂದಿದ್ದರು. ಸಿಪ್ರೊಫ್ಲಾಕ್ಸಾಸಿನ್ 0.5, ಮುಂದೆ 'ಐ'. ಅಜಿತ್ರೋಮೈಸಿನ್ 8, ಮುಂದೆ 'ಎಸ್'. "ಮೇಡಂ, 0.5 ಇರೋ ಮಾತ್ರೆ ಬಿಟ್ಟು 8 ಇರೋದು ಒಳ್ಳೇದು ಅಂತ ಬರೆದಿದೀರಲ್ಲ, ಟೈಪಿಂಗ್ ಮಿಸ್ಟೇಕಾ?"

ಮಿಸ್ಟೇಕ್ ಅಲ್ಲ. ಆ ನಂಬರಿಗೆ ಎಂಐಸಿ ಅನ್ನುತ್ತಾರೆ. ಬ್ಯಾಕ್ಟೀರಿಯಾವನ್ನು ಸಾಲು ಗುಂಡಿಗಳಲ್ಲಿ ಹಾಕಿ, ಒಂದಕ್ಕಿಂತ ಒಂದಕ್ಕೆ ದುಪ್ಪಟ್ಟು ಔಷಧಿ ಬೆರೆಸಿದರೆ, ಯಾವ ಗುಂಡಿಯಿಂದ ಬೆಳೆಯುವುದು ನಿಲ್ಲುತ್ತದೋ ಆ ಪ್ರಮಾಣವೇ ಎಂಐಸಿ. ಲೆಕ್ಕ ಒಂದು ಎಂಎಲ್‌ಗೆ ಇಷ್ಟು ಮೈಕ್ರೋಗ್ರಾಂ ಅಂತ. ಅಂದರೆ ಈ ಹುಡುಗನ ಬ್ಯಾಕ್ಟೀರಿಯಾವನ್ನು ತಡೆಯಲು ಸಿಪ್ರೊ 0.5 ಬೇಕು, ಅಜಿತ್ರೋ 8 ಬೇಕು.

ಆದರೆ ಮೈಯೊಳಗೆ ಎಷ್ಟು ಔಷಧಿ ತಲುಪುತ್ತದೆ ಅನ್ನುವುದು ಒಂದೊಂದಕ್ಕೆ ಒಂದೊಂದು ಥರ. ಟೈಫಿ ನಮ್ಮ ಜೀವಕೋಶಗಳ ಒಳಗೆ ಅಡಗಿ ಕೂರುತ್ತದೆ. ಅಜಿತ್ರೋಮೈಸಿನ್ ಆ ಕೋಶಗಳ ಒಳಗೇ ರಾಶಿ ರಾಶಿ ಸೇರಿಕೊಳ್ಳುತ್ತದೆ. ಅದಕ್ಕೇ ಅದರ ಗಡಿ ದೊಡ್ಡದು. ಹೆಚ್ಚಿನ ಲ್ಯಾಬುಗಳು ಅನುಸರಿಸುವ ಸಿಎಲ್‌ಎಸ್‌ಐ ಪಟ್ಟಿಯ ಪ್ರಕಾರ ಟೈಫಿಗೆ ಅಜಿತ್ರೋ 16ರವರೆಗೆ ಎಸ್. ಸಿಪ್ರೊ ಗಡಿ ತೀರಾ ಸಣ್ಣದು: 0.06 ಮತ್ತು ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ಎಸ್, 0.12ರಿಂದ 0.5 ಐ, 1 ಮತ್ತು ಮೇಲೆ ಆರ್. ಹಾಗಾಗಿ 8 ತನ್ನ ಗಡಿಯ ಒಳಗಿದೆ. 0.5 ತನ್ನ ಗಡಿ ದಾಟಿ ಎಂಟು ಪಟ್ಟು ಆಚೆ ಇದೆ.

ಒಗ್ಗರಣೆಗೆ ಇಂಗು ಒಂದು ಚಿಟಿಕೆ, ಸಾರಿಗೆ ಬೇಳೆ ಒಂದು ಬಟ್ಟಲು ಅನ್ನುತ್ತೇವೆ. ಚಿಟಿಕೆಯನ್ನೂ ಬಟ್ಟಲನ್ನೂ ಪಕ್ಕದಲ್ಲಿಟ್ಟು ಯಾವುದು ಮೇಲು ಅಂತ ಯಾರೂ ಕೇಳುವುದಿಲ್ಲ. ಇಲ್ಲೂ ಒಂದು ಔಷಧಿಯ ನಂಬರನ್ನು ಇನ್ನೊಂದರ ನಂಬರಿಗೆ ಹೋಲಿಸಬೇಡಿ. ಮುಂದಿನ ಅಕ್ಷರ ನೋಡಿ, ಸಾಕು.

ಭಾರತದಲ್ಲಿ ಈಗ ಸಿಗುವ ಹೆಚ್ಚಿನ ಟೈಫಿಗಳಿಗೆ ಸಿಪ್ರೊ ಮುಂದೆ ಎಸ್ ಬರುವುದಿಲ್ಲ. ಒಂದು ಕಾಲಕ್ಕೆ ಟೈಫಾಯ್ಡ್ ಅಂದರೆ ಸಿಪ್ರೊ ಅನ್ನುತ್ತಿದ್ದರು. ಮನೆಯ ಹಿರಿಯರು ಈಗಲೂ ಅದನ್ನೇ ಹೇಳಬಹುದು. ಆ ಹುಡುಗನಿಗೆ ಸೆಫ್ಟ್ರಿಯಾಕ್ಸೋನ್ ಎಸ್ ಇತ್ತು, ಅದೇ ಇಂಜೆಕ್ಷನ್ ನಡೆಯುತ್ತಿತ್ತು, ಅದೇ ಮುಂದುವರಿಯಿತು.

'ಐ' ಅಂದ್ರೆ ಅರ್ಧಂಬರ್ಧ ಕೆಲಸ ಮಾಡತ್ತೆ ಅಂತಾನಾ? ಐಸಿಯು ರಿಪೋರ್ಟಲ್ಲಿ ಕೊಲಿಸ್ಟಿನ್ ಮುಂದೆ 'ಐ' ಇದೆ, ಆದ್ರೂ ಅದನ್ನೇ ಕೊಡ್ತಿದಾರೆ.

ಎಸ್ ಅಂದರೆ ಮಾಮೂಲಿ ಡೋಸಿನಲ್ಲಿ ಕೆಲಸ ಮಾಡುವ ನಿರೀಕ್ಷೆ ಇದೆ. ಆರ್ ಅಂದರೆ ಇಲ್ಲ. ಐ ಎಲ್ಲ ಔಷಧಿಗೂ ಒಂದೇ ಅರ್ಥ ಕೊಡುವುದಿಲ್ಲ. ಕೆಲವು ಔಷಧಿಗಳಲ್ಲಿ ಡೋಸ್ ಹೆಚ್ಚಿಸಿದರೆ ಅಥವಾ ಔಷಧಿ ದಟ್ಟವಾಗಿ ಸೇರುವ ಜಾಗದಲ್ಲಿ, ಉದಾಹರಣೆಗೆ ಮೂತ್ರದಲ್ಲಿ, ಸೋಂಕಿದ್ದರೆ ಅದು ಕೆಲಸ ಮಾಡಬಹುದು. ಟೈಫಾಯ್ಡಿನಲ್ಲಿ ಸಿಪ್ರೊ ಐ ಬಂದರೆ ಅದನ್ನು ಬಿಡುವುದೇ ಸರಿ.

ಕೊಲಿಸ್ಟಿನ್ ಕಥೆಯೇ ಬೇರೆ. 2020ರಿಂದ ಸಿಎಲ್‌ಎಸ್‌ಐ ಪಟ್ಟಿಯಲ್ಲಿ ಕೊಲಿಸ್ಟಿನ್‌ಗೆ ಎಸ್ ಅನ್ನುವ ಖಾನೆಯೇ ಇಲ್ಲ. 2 ಅಥವಾ ಕಡಿಮೆ ಇದ್ದರೆ ಐ, 4 ಅಥವಾ ಜಾಸ್ತಿ ಇದ್ದರೆ ಆರ್. ಅತಿ ಚೆನ್ನಾಗಿ ಬಂದರೂ ಐ ಅಂತಲೇ ಬರುತ್ತದೆ. ಈ ಔಷಧಿಯ ಬಲ ಸೀಮಿತ, ಕಿಡ್ನಿಗೂ ಕಷ್ಟ. ಬೇರೆ ದಾರಿ ಇದ್ದರೆ ಡಾಕ್ಟರುಗಳು ಅದನ್ನೇ ಹಿಡಿಯುತ್ತಾರೆ. ಇಲ್ಲದಾಗ ಇದನ್ನು ಇನ್ನೊಂದು ಔಷಧಿಯ ಜೊತೆ ಕೊಡುವುದುಂಟು.

ಪಟ್ಟಿಯಲ್ಲಿ ಎಸ್ ಇರೋ ಅಗ್ಗದ ಔಷಧಿ ಇದೆ. ಡಾಕ್ಟರ್ ಯಾಕೆ ದುಬಾರಿ ಮೆರೊಪೆನೆಮ್ ಬರೆದ್ರು?

ಎಸ್ ಇರುವುದೆಲ್ಲ ಸಮ ಅಲ್ಲ. ಒಂದು ಉದಾಹರಣೆ ಸಾಕು. ರಕ್ತದಲ್ಲಿ ಇ. ಕೋಲೈ ಬೆಳೆದಿದೆ, ಸೆಫ್ಟ್ರಿಯಾಕ್ಸೋನ್ ಆರ್, ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ ಎಸ್, ಮೆರೊಪೆನೆಮ್ ಎಸ್. ರಿಪೋರ್ಟಿನ ಕೆಳಗೆ 'ಇಎಸ್‌ಬಿಎಲ್' ಅಂತ ಒಂದು ಸಾಲೂ ಇರಬಹುದು. ಈ ಬ್ಯಾಕ್ಟೀರಿಯಾ ಸೆಫ್ಟ್ರಿಯಾಕ್ಸೋನ್ ಥರದ ಔಷಧಿಗಳನ್ನು ಕತ್ತರಿಸಿ ಹಾಕುವ ಕಿಣ್ವ ತಯಾರಿಸುತ್ತದೆ ಅಂತ ಅರ್ಥ.

ಇಂಥದೇ ರೋಗಿಗಳ ಮೇಲೆ ಮೆರಿನೋ ಅನ್ನುವ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಸೇರಿಸಿಕೊಂಡಾಗ ಎಲ್ಲರ ಬ್ಯಾಕ್ಟೀರಿಯಾಗೂ ಎರಡೂ ಔಷಧಿ ಎಸ್ ಇತ್ತು. ಆದರೂ 30 ದಿನದಲ್ಲಿ ತೀರಿಕೊಂಡವರು ಮೆರೊಪೆನೆಮ್ ಗುಂಪಿನಲ್ಲಿ 3.7 ಶೇಕಡಾ, ಪಿಪೆರಾಸಿಲಿನ್ ಗುಂಪಿನಲ್ಲಿ 12.3 ಶೇಕಡಾ. ಗುಂಡಿಯೊಳಗೆ ಎಸ್ ಕಂಡದ್ದು ರೋಗಿಯೊಳಗೆ ಅಷ್ಟೇ ಕೆಲಸ ಮಾಡಲಿಲ್ಲ.

ಟೈಫಿಗೂ ಹೀಗೆಯೇ. ಲ್ಯಾಬಿನಲ್ಲಿ ಜೆಂಟಾಮೈಸಿನ್ ಅದನ್ನು ತಡೆಯುತ್ತದೆ, ಆದರೆ ಕೋಶದ ಒಳಗೆ ಅಡಗಿದ್ದನ್ನು ಅದು ಮುಟ್ಟಲಾರದು. ಅದಕ್ಕೇ ಟೈಫಾಯ್ಡ್ ರಿಪೋರ್ಟಿನಲ್ಲಿ ನಾವು ಜೆಂಟಾಮೈಸಿನ್ ಸಾಲನ್ನೇ ಹಾಕುವುದಿಲ್ಲ. "ಪಕ್ಕದ ಬೆಡ್ಡಿನವರ ಪಟ್ಟಿ ಉದ್ದ ಇದೆ, ನಮ್ಮದು ಗಿಡ್ಡ" ಅನ್ನುವವರಿಗೂ ಇದೇ ಉತ್ತರ. ಬ್ಯಾಕ್ಟೀರಿಯಾ ಯಾವುದು, ಸಿಕ್ಕಿದ್ದು ಎಲ್ಲಿ ಅನ್ನುವುದರ ಮೇಲೆ ಪಟ್ಟಿ ಬದಲಾಗುತ್ತದೆ.

ಎಸ್ ಇರೋ ಇಂಜೆಕ್ಷನ್ನೇ ಕೊಡ್ತಿದಾರೆ, ನಾಲ್ಕು ದಿನ ಆಯ್ತು, ಜ್ವರ ಇನ್ನೂ 102. ರಿಪೋರ್ಟ್ ತಪ್ಪಾ?

ಟೈಫಾಯ್ಡ್ ಆದರೆ ಇದು ಮಾಮೂಲಿ. ಸರಿಯಾದ ಔಷಧಿ ಶುರುವಾದ ಮೇಲೂ ಜ್ವರ ಪೂರ್ತಿ ಇಳಿಯಲು ನಾಲ್ಕರಿಂದ ಏಳು ದಿನ ಹಿಡಿಯುತ್ತದೆ. ಅಂಕಿ ಒಂದೇ ಸಲ ಕೆಳಗೆ ಬೀಳುವುದಿಲ್ಲ. ಮೊದಲು ಜ್ವರ ಏರುವ ಸಲಗಳು ಕಡಿಮೆಯಾಗುತ್ತವೆ, ಊಟ ಸೇರಲು ಶುರುವಾಗುತ್ತದೆ. ಮೇಲೆ ಹೇಳಿದ ಹುಡುಗನಿಗೂ ಐದನೇ ದಿನ ರಾತ್ರಿ 101 ಇತ್ತು, ಆದರೆ ಅವತ್ತು ಮಧ್ಯಾಹ್ನ ಅವನೇ ಮೊಸರನ್ನ ಕೇಳಿ ತಿಂದಿದ್ದ. ಈ ನಡುವೆ ಹೊಟ್ಟೆನೋವು ಜೋರಾದರೆ, ಮಲ ಕಪ್ಪಗಾದರೆ, ಮಂಪರು ಹೆಚ್ಚಾದರೆ ತಕ್ಷಣ ಹೇಳಿ. ಅದು ಕರುಳಿನ ತೊಂದರೆ ಇರಬಹುದು.

ಬೇರೆ ಬ್ಯಾಕ್ಟೀರಿಯಾಗಳಲ್ಲಿ ಜ್ವರ ಇಳಿಯದಿದ್ದರೆ ಎಲ್ಲೋ ಕೀವು ತುಂಬಿದೆಯಾ, ನಳಿಕೆಯಲ್ಲೇ ಸೋಂಕು ಕೂತಿದೆಯಾ ಅಂತ ಹುಡುಕುತ್ತಾರೆ. ಕೀವು ಗೂಡಿನೊಳಗೆ ಔಷಧಿ ಸರಿಯಾಗಿ ಹೋಗುವುದಿಲ್ಲ, ಅದನ್ನು ತೆಗೆಯಲೇಬೇಕು.

ವಾಸಿ ಆಯ್ತಾ ನೋಡೋಕೆ ಮತ್ತೆ ಕಲ್ಚರ್ ಮಾಡಿಸಬೇಕಾ?

ಸ್ಟಫೈಲೋಕಾಕಸ್ ಆರಿಯಸ್ ಅಥವಾ ಕ್ಯಾಂಡಿಡಾ ಆದರೆ ಹೌದು. ರಕ್ತ ಖಾಲಿ ಬರುವ ತನಕ ಮತ್ತೆ ಮತ್ತೆ ತೆಗೆಯುತ್ತಾರೆ, ಔಷಧಿಯ ದಿನಗಳನ್ನು ಮೊದಲು ಖಾಲಿ ಬಂದ ದಿನದಿಂದ ಎಣಿಸುತ್ತಾರೆ. ಜ್ವರ ಇಳಿದ ಮಾಮೂಲಿ ಟೈಫಾಯ್ಡಿಗೆ ರಕ್ತದ ಕಲ್ಚರ್ ಮತ್ತೆ ಬೇಕಾಗುವುದಿಲ್ಲ.

ಹೋದ ವರ್ಷದ ರಿಪೋರ್ಟ್ ಇದೆ. ಈಗಲೂ ಅದೇ ಥರ ಜ್ವರ. ಎಸ್ ಇದ್ದ ಮಾತ್ರೆ ತಗೋಬಹುದಾ?

ಬೇಡ. ಆ ಎಸ್ ಅವತ್ತು ಆ ಬಾಟಲಿಯಲ್ಲಿ ಬೆಳೆದ ಬ್ಯಾಕ್ಟೀರಿಯಾದ್ದು. ಈಗಿನ ಜ್ವರ ಡೆಂಗ್ಯೂ ಆಗಿರಬಹುದು, ಬೇರೆ ಬ್ಯಾಕ್ಟೀರಿಯಾ ಆಗಿರಬಹುದು. ಆದರೆ ಆ ಕಾಗದ ಎಸೆಯಬೇಡಿ. ಹೋದ ಸಲ ಇಎಸ್‌ಬಿಎಲ್ ಬಂದಿತ್ತು ಅಂತ ಗೊತ್ತಾದರೆ, ಹೊಸ ಕಲ್ಚರ್ ಬರುವ ಮುಂಚೆ ಯಾವ ಔಷಧಿಯಿಂದ ಶುರು ಮಾಡಬೇಕು ಅನ್ನುವುದು ಡಾಕ್ಟರಿಗೆ ಸುಲಭ ಆಗುತ್ತದೆ. ಫೋನಿನಲ್ಲಿ ಫೋಟೋ ಇದ್ದರೂ ನಡೆಯುತ್ತದೆ, ತಾರೀಖು ಕಾಣುವ ಹಾಗೆ ತೆಗೆದಿರಬೇಕು ಅಷ್ಟೇ.